ಅಪ್‌ಡೇಟ್: ಅಜ್ಜನ ಕಾರ್ಡಿನ ಕೊನೆಯ ಎರಡು ಸಾಲು

ನನ್ನ ಪ್ರಶ್ನೆ: "ತವರಿನಲ್ಲಿದ್ದ ಅಜ್ಜಿಗೆ ಅಜ್ಜ ಬರೆದ ಅಂಚೆ ಕಾರ್ಡಿನ ಕೊನೆಯ ಸಾಲುಗಳು ಕದಡಿಹೋಗಿವೆ; ಓದುವುದು ಹೇಗೆ?"

ಫೋಟೊ ತೆಗೆದು ಕಾಂಟ್ರಾಸ್ಟ್ ಹೆಚ್ಚಿಸಿದಾಗ ನೀಲಿ ಕಲೆಯೇ ದಟ್ಟವಾಯಿತೇ ಹೊರತು ಅಕ್ಷರ ಕಾಣಲಿಲ್ಲ. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಕಾರ್ಡಿನ ಅಂಚಿನಿಂದ ಓರೆಯಾಗಿ ಹಾಯಿಸಿ ಎಂದವರ ಸಲಹೆ ಫಲಿಸಿತು: ಶಾಯಿ ಹರಡಿದ್ದರೂ ನಿಬ್ಬು ಒತ್ತಿದ ಗೆರೆಗಳು ಕಾಗದದಲ್ಲಿ ಉಳಿದಿದ್ದರಿಂದ, ಅವುಗಳ ನೆರಳು ಮೂಡಿ "ಮಳೆ ನಿಂತ ಮೇಲೆ", "ಬರುತ್ತೇನೆ" ಎಂಬಷ್ಟನ್ನು ಓದಲು ಸಾಧ್ಯವಾಯಿತು. ನಡುವಿನ ಪದ ಮಾತ್ರ ದಕ್ಕಲಿಲ್ಲ. ನಾನು ಅಲ್ಲಿ "ಕರೆದೊಯ್ಯಲು" ಎಂದು ಓದಿಕೊಂಡೆ. ಅಜ್ಜನನ್ನು ಬಲ್ಲ ಅಮ್ಮ "ಹಣ ಹೊಂದಿಸಿಕೊಂಡು" ಎಂದಿರಬೇಕೆಂದು ನಕ್ಕಳು.

ನಾನು ನಿರೀಕ್ಷಿಸದಿದ್ದ ಸಂಗತಿಯೆಂದರೆ, ಕಲೆ ಮಳೆನೀರಿನದಲ್ಲ. ಒಂದೇ ಒಂದು ದುಂಡು ಹನಿ ಬಿದ್ದಿದೆ. ಅದರಿಂದ ಬಲಕ್ಕೆ, ಹೆಬ್ಬೆರಳಿನಷ್ಟು ಅಗಲಕ್ಕೆ, ಯಾರೋ ಅವಸರದಲ್ಲಿ ಒರೆಸಿದ ಗುರುತಿದೆ.