ನಾಲ್ಕನೇ ಕ್ರಾಸಿನ ಮ್ಯಾನ್‌ಹೋಲ್ ಅರ್ಜಿ: ಸಹಿ ಹಾಕುವ ಮೊದಲು ಓದಿ

ಸಂಘದ ಕಾರ್ಯದರ್ಶಿ: ಎಲ್ಲರಿಗೂ ನಮಸ್ಕಾರ. ನಾಲ್ಕನೇ ಕ್ರಾಸಿನ ಮ್ಯಾನ್‌ಹೋಲ್ ಮತ್ತೆ ಉಕ್ಕುತ್ತಿದೆ. ನಗರಸಭೆಗೆ ಕೊಡುವ ಅರ್ಜಿಯನ್ನು ಇಲ್ಲಿ ಹಾಕಿದ್ದೇನೆ. ಮೂರು ಪುಟ ಆಗಿದೆ. ಬೀದಿ ದೀಪ, ನಾಯಿ ಕಾಟ, ಪಾರ್ಕಿನ ಬೇಲಿ ಎಲ್ಲವೂ ಅದರಲ್ಲೇ ಇದೆ. ಭಾನುವಾರ ಬಂದು ಸಹಿ ಹಾಕಿ.

ನಿವೃತ್ತ ಗುಮಾಸ್ತ, 2ನೇ ಕ್ರಾಸ್: ಕಾರ್ಯದರ್ಶಿಗಳೇ, ಶ್ರಮಪಟ್ಟು ಬರೆದಿದ್ದೀರಿ. ಆದರೆ ಇದನ್ನು ಹೀಗೇ ಕೊಡಬೇಡಿ. ನಾನು ಮೊದಲು ಇದ್ದ ಬಡಾವಣೆಯಲ್ಲಿ ನಡೆದದ್ದನ್ನು ಬರೆಯುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಮೇಷ್ಟ್ರು ಇದ್ದರು. ಅವರ ಗೇಟಿನ ಎದುರಿನ ಮ್ಯಾನ್‌ಹೋಲ್ ಉಕ್ಕಿ ಕೊಳಚೆ ನೀರು ಅವರ ಸಂಪಿನ ಹತ್ತಿರ ನಿಲ್ಲುತ್ತಿತ್ತು. ಕೋಪದಲ್ಲಿ ಒಂದು ಅರ್ಜಿ ಬರೆದು ನನಗೆ ತೋರಿಸಿದರು. ಇಂಥ ಸಿಬ್ಬಂದಿ ಲಂಚ ಕೇಳುತ್ತಾನೆ ಅಂತ ಶುರು, ಆಮೇಲೆ ಕಸದ ಗಾಡಿ, ದೀಪ, ಪಕ್ಕದವರ ಮರದ ಬೇರು, ಕೊನೆಯಲ್ಲಿ ಮ್ಯಾನ್‌ಹೋಲ್. ನಾನು ವರ್ಷಗಟ್ಟಲೆ ಟಪಾಲು ನೋಡಿದವನು, ಇಂಥ ಕಾಗದ ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಿತ್ತು. ಮೊದಲ ಸಾಲಿನಲ್ಲಿ ಸಿಬ್ಬಂದಿಯ ಮೇಲೆ ಆರೋಪ ಇದ್ದರೆ ಅದು ಸಿಬ್ಬಂದಿಯ ವಿಷಯ ನೋಡುವ ಮೇಜಿಗೆ ಹೋಗುತ್ತದೆ. ಅವರು ವಿವರಣೆ ಕೇಳುತ್ತಾರೆ, ಅವನು ಉತ್ತರ ಬರೆಯುತ್ತಾನೆ, ಅಷ್ಟರಲ್ಲಿ ಎಂಜಿನಿಯರ್ ಆ ಕಾಗದವನ್ನು ನೋಡಿಯೇ ಇರುವುದಿಲ್ಲ. ಲಂಚದ ದೂರು ಕೊಡಬೇಕೆಂದರೆ ಖಂಡಿತ ಕೊಡಿ, ಆದರೆ ಬೇರೆ ಕಾಗದದಲ್ಲಿ ಕೊಡಿ.

ಇಷ್ಟು ನನಗೆ ಮೊದಲೇ ತಿಳಿದಿತ್ತು. ಹೊಸದಾಗಿ ಕಲಿತದ್ದು ಆಮೇಲೆ. ಹಳೆಯ ದೂರುಗಳ ನಂಬರ್ ಎಲ್ಲ ತನ್ನಿ ಅಂದೆ. ಮೇಷ್ಟ್ರು ಜೋಪಾನವಾಗಿ ಇಟ್ಟಿದ್ದರು. ಪ್ರತಿಯೊಂದರಲ್ಲೂ ಅವರು ಕೇಳಿದ್ದು ಒಂದೇ: "ಬ್ಲಾಕ್ ತೆಗೆಸಿಕೊಡಿ." ಪ್ರತಿಯೊಂದರ ಉತ್ತರವೂ ಒಂದೇ: "ಬ್ಲಾಕ್ ತೆರವುಗೊಳಿಸಲಾಗಿದೆ." ಮೇಷ್ಟ್ರಿಗೆ ಅದು ಸುಳ್ಳು ಅನ್ನಿಸಿತ್ತು. ಸುಳ್ಳಲ್ಲ! ಜೆಟ್ಟಿಂಗ್ ಗಾಡಿ ಬರುತ್ತಿತ್ತು, ನೀರು ಹಾಯಿಸಿ ಹೋಗುತ್ತಿತ್ತು, ಎರಡು ವಾರ ಸರಿ ಇರುತ್ತಿತ್ತು. ಕೇಳಿದ್ದನ್ನು ಮಾಡಿದ ಮೇಲೆ ದೂರು ಮುಕ್ತಾಯ. ಮತ್ತೆ ಉಕ್ಕಿದರೆ ಹೊಸ ದೂರು, ಹೊಸ ನಂಬರ್, ಹಳೆಯದಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಆದ್ದರಿಂದ ಕೇಳುವುದನ್ನೇ ಬದಲಾಯಿಸಿದೆವು. ಒಂದೇ ಪುಟ. ಉಲ್ಲೇಖದಲ್ಲಿ ಹಳೆಯ ದೂರುಗಳ ನಂಬರ್, ತಾರೀಕು. ಒಳಗೆ ಇದ್ದದ್ದು ಇಷ್ಟೇ:

"ನಮ್ಮ ಮನೆ ಎದುರಿನ ಮ್ಯಾನ್‌ಹೋಲ್, ಮಳೆ ಇಲ್ಲದ ದಿನಗಳಲ್ಲೂ ಉಕ್ಕುತ್ತಿದೆ. ಪ್ರತಿ ಬಾರಿ ಸ್ವಚ್ಛಗೊಳಿಸಿದ ಕೆಲವು ದಿನಗಳಲ್ಲಿ ಮತ್ತೆ ಉಕ್ಕುತ್ತದೆ. ಉಕ್ಕುವಾಗ ಮೂಲೆಯ ಮುಂದಿನ ಮ್ಯಾನ್‌ಹೋಲ್‌ನಲ್ಲಿ ನೀರು ಬಹಳ ಕಡಿಮೆ ಇರುತ್ತದೆ. ಸ್ವಚ್ಛಗೊಳಿಸುವಾಗ ಮಣ್ಣು ಮತ್ತು ಜಲ್ಲಿ ಹೊರಬಂದಿದೆ. ಆದ್ದರಿಂದ ಈ ಎರಡು ಮ್ಯಾನ್‌ಹೋಲ್‌ಗಳ ನಡುವಿನ ಕೊಳವೆಯನ್ನು ಸ್ಥಳ ಪರಿಶೀಲನೆ ಮಾಡಿ, ಕಾರಣವನ್ನು ಲಿಖಿತವಾಗಿ ತಿಳಿಸಿ, ಅಗತ್ಯವಿದ್ದರೆ ದುರಸ್ತಿ ಮಾಡಬೇಕೆಂದು ಕೋರುತ್ತೇನೆ."

ಮರದ ಬೇರಿನ ಮಾತು ತೆಗೆದೆವು. ಅದು ಮೇಷ್ಟ್ರ ಊಹೆ. ಅದನ್ನು ಬರೆದಿದ್ದರೆ ಪಕ್ಕದವರಿಗೆ ನೋಟಿಸ್ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದರು.

ಈಗ ಬರೀ ಗಾಡಿ ಕಳಿಸಿ ಮುಗಿಸುವ ಹಾಗಿರಲಿಲ್ಲ. ಜೆಇ ಬಂದರು, ಎರಡೂ ಮುಚ್ಚಳ ತೆಗೆಸಿ ನೋಡಿದರು. ಅಗೆದಾಗ ಹಳೆಯ ಸ್ಟೋನ್‌ವೇರ್ ಪೈಪಿನ ಒಂದು ಜಾಯಿಂಟ್ ಒಡೆದು ಕೆಳಗೆ ಕುಸಿದಿತ್ತು. ಎಸ್ಟಿಮೇಟ್, ಮಂಜೂರಾತಿ ಎಲ್ಲ ಆಗಿ ಕೆಲಸ ಮುಗಿಯುವಾಗ ಬೇಸಿಗೆಯೇ ಕಳೆದಿತ್ತು. ಆದರೆ ಪೈಪು ಬದಲಾಯಿತು. ಆ ಜೆಇ ಒಂದು ಮಾತು ಹೇಳಿದರು: ಬ್ಲಾಕ್ ತೆಗೆಯುವುದಕ್ಕೆ ನಾನು ಯಾರನ್ನೂ ಕೇಳಬೇಕಿಲ್ಲ, ಪೈಪು ಬದಲಾಯಿಸಲು ಮೇಲಿನವರ ಹತ್ತಿರ ದುಡ್ಡು ಕೇಳಬೇಕು, ಆಗ ಇಂಥ ಕಾಗದ ಒಂದಿದ್ದರೆ ಎಸ್ಟಿಮೇಟ್ ಜೊತೆ ಇಡಬಹುದು. ನಾವು ಬರೆಯುವ ಅರ್ಜಿ ಎಂಜಿನಿಯರ್‌ಗೂ ಕೆಲಸಕ್ಕೆ ಬರಬೇಕು ಅಂತ ನನಗೆ ಅವತ್ತು ಹೊಳೆಯಿತು.

ಮನೆ ನಂ. 31: ಸಾರ್, ಇಷ್ಟು ವಿನಯ ಬೇಕಾಗಿಲ್ಲ. ಲೋಕಾಯುಕ್ತ, ಜಿಲ್ಲಾಧಿಕಾರಿ, ಶಾಸಕರು, ಎಲ್ಲರಿಗೂ ಪ್ರತಿ ಹಾಕಿ, ಹೆದರಿ ಓಡಿ ಬರುತ್ತಾರೆ. ಇಲ್ಲ ಅಂದರೆ ಆರ್‌ಟಿಐ ಹಾಕಿ, ಯಾಕೆ ಸರಿ ಮಾಡಿಲ್ಲ ಅಂತ ಕೇಳೋಣ.

ನಿವೃತ್ತ ಗುಮಾಸ್ತ: ಆರ್‌ಟಿಐ ಒಳ್ಳೆಯದೇ. ಆದರೆ "ಯಾಕೆ" ಅಂತ ಕೇಳಿದರೆ ಉತ್ತರ ಸಿಗುವುದು ಕಷ್ಟ, ಅವರು ಕೊಡಬೇಕಾದದ್ದು ಕಡತದಲ್ಲಿ ಇರುವ ದಾಖಲೆ. ಮೊದಲು ಅರ್ಜಿ ಕೊಡೋಣ. ಆಮೇಲೆ, ಈ ಅರ್ಜಿಯ ಮೇಲೆ ಬರೆದ ಟಿಪ್ಪಣಿ ಮತ್ತು ಸ್ಥಳ ಪರಿಶೀಲನಾ ವರದಿಯ ನಕಲು ಕೊಡಿ ಅಂತ ಕೇಳಿ. ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಕೊಡಬೇಕು. ವರದಿಯೇ ಇಲ್ಲ ಅಂದರೆ ಅದೂ ನಮಗೆ ಬರಹದಲ್ಲಿ ಸಿಕ್ಕಿದ ಹಾಗೆ. ಪ್ರತಿಗಳ ವಿಷಯ: ಎಲ್ಲರಿಗೂ ಹಾಕಿದರೆ ಪ್ರತಿಯೊಬ್ಬರೂ "ಸೂಕ್ತ ಕ್ರಮಕ್ಕಾಗಿ" ಅಂತ ಅದೇ ಕಚೇರಿಗೆ ತಿರುಗಿ ಕಳಿಸುತ್ತಾರೆ. ಪೌರಾಯುಕ್ತರಿಗೆ ಕೊಟ್ಟು, ನಮ್ಮ ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಂಡರೆ ಸದ್ಯಕ್ಕೆ ಸಾಕು.

ಮೂಲೆ ಮನೆ ಮೇಡಂ: ಜೆಟ್ಟಿಂಗ್ ಗಾಡಿಗೆ ದುಡ್ಡು ನಾವು ಕೊಡಬೇಕಾ? ಒಂದು ಮನೆಗೆ ಎಷ್ಟು ಬರುತ್ತದೆ?

ಸಂಘದ ಕಾರ್ಯದರ್ಶಿ: ಯಾರೂ ದುಡ್ಡು ಕೊಡುವುದು ಬೇಡ ಮೇಡಂ. ಸಹಿ ಮಾತ್ರ.

ಮನೆ ನಂ. 12: ನನ್ನ ಖಾತೆ ವರ್ಗಾವಣೆ ಅರ್ಜಿ ಆರು ತಿಂಗಳಿಂದ ಹಾಗೇ ಇದೆ. ಇದರ ಜೊತೆ ಒಂದು ಸಾಲು ಸೇರಿಸಿ ಪ್ಲೀಸ್.

ನಿವೃತ್ತ ಗುಮಾಸ್ತ: ಅದನ್ನು ನೋಡುವುದು ಕಂದಾಯ ಶಾಖೆ ಸಾರ್. ಇದರಲ್ಲಿ ಸೇರಿಸಿದರೆ ಎರಡೂ ಕೆಡುತ್ತವೆ. ಸ್ವೀಕೃತಿ ತೆಗೆದುಕೊಂಡು ಮನೆಗೆ ಬನ್ನಿ, ಬೇರೆಯಾಗಿ ಬರೆಯೋಣ.

ಯುಜಿಡಿ ಗುತ್ತಿಗೆದಾರ, 5ನೇ ಕ್ರಾಸ್: ರಾಯರು ಹೇಳಿದ್ದು ಸರಿ, ಆದರೆ ಮೇಷ್ಟ್ರ ಅರ್ಜಿಯನ್ನೇ ನಕಲು ಮಾಡಬೇಡಿ. "ಮಳೆ ಇಲ್ಲದ ದಿನಗಳಲ್ಲೂ" ಅನ್ನುವ ಮಾತು ಇಲ್ಲಿ ನಿಜವಾ? ನಾನು ನೋಡಿದ ಹಾಗೆ ನಾಲ್ಕನೇ ಕ್ರಾಸಿನಲ್ಲಿ ಉಕ್ಕುವುದು ಜೋರು ಮಳೆ ಬಂದಾಗಲೇ ಜಾಸ್ತಿ. ಹಾಗಿದ್ದರೆ ಪೈಪು ಒಡೆದಿರಬೇಕೆಂದಿಲ್ಲ. ತಾರಸಿ ನೀರಿನ ಪೈಪನ್ನು ಕೆಲವು ಮನೆಯವರು ಯುಜಿಡಿಗೆ ಸೇರಿಸಿದ್ದಾರೆ, ಮಳೆ ನೀರು ಹೋಗಬೇಕಾದ್ದು ರಸ್ತೆ ಬದಿಯ ಚರಂಡಿಗೆ. ಮನೆಯ ಕೊಳಚೆಯ ಲೆಕ್ಕಕ್ಕೆ ಹಾಕಿದ ಪೈಪು ಅಷ್ಟು ನೀರು ತಡೆಯುವುದಿಲ್ಲ. ಸುಳ್ಳು ಬರೆದು ಜೆಇ ಬಂದರೆ ಮೊದಲು ನಮ್ಮ ಮನೆಗಳನ್ನೇ ನೋಡುತ್ತಾರೆ.

ಮನೆ ನಂ. 31: ಯಾರ ಮನೆ? ಹೆಸರು ಹೇಳಿ.

ಯುಜಿಡಿ ಗುತ್ತಿಗೆದಾರ: ಗುಂಪಿನಲ್ಲಿ ಬೇಡ.

ನಿವೃತ್ತ ಗುಮಾಸ್ತ: ಒಳ್ಳೆಯ ಮಾತು ಹೇಳಿದಿರಿ. ಕಣ್ಣಿಂದ ನೋಡದ್ದನ್ನು ಬರೆಯುವುದು ಬೇಡ. ಉಕ್ಕಿದ ದಿನ, ಹೊತ್ತು, ಅವತ್ತು ಮಳೆ ಇತ್ತೋ ಇಲ್ಲವೋ, ಇಷ್ಟನ್ನು ಯಾರಾದರೂ ಬರೆದಿಡಬೇಕು. ಫೋಟೋ ದೂರದಿಂದಲೇ ತೆಗೆಯಿರಿ. ಮುಚ್ಚಳ ಮಾತ್ರ ಯಾರೂ ತೆಗೆಯಬೇಡಿ, ಒಳಗಿನ ಗಾಳಿ ಜೀವಕ್ಕೆ ಅಪಾಯ.

ಮನೆ ನಂ. 44, 4ನೇ ಕ್ರಾಸ್: ನಮ್ಮ ಬಾಲ್ಕನಿಯಿಂದ ಕಾಣುತ್ತದೆ ಅಂಕಲ್, ನಾನು ಬರೆದಿಡುತ್ತೇನೆ. ಸೋಮವಾರ ಮಳೆ ಇರಲಿಲ್ಲ, ಆದರೂ ಬೆಳಿಗ್ಗೆ ಏಳರ ಹೊತ್ತಿಗೆ ಸ್ವಲ್ಪ ಉಕ್ಕಿತ್ತು. ಮಧ್ಯಾಹ್ನ ನಿಂತಿತ್ತು.

ಯುಜಿಡಿ ಗುತ್ತಿಗೆದಾರ: ಹಾಗಾದರೆ ಎರಡೂ ಇರಬಹುದು. ಬೆಳಿಗ್ಗೆ ಎಲ್ಲರ ಮನೆಯಲ್ಲೂ ಸ್ನಾನ, ಪಾತ್ರೆ, ಬಟ್ಟೆ. ನೀರು ಜಾಸ್ತಿ ಇರುವ ಹೊತ್ತು ಅದು.

ಸಂಘದ ಕಾರ್ಯದರ್ಶಿ: ಸರಿ, ಭಾನುವಾರದ ಸಹಿ ಮುಂದಕ್ಕೆ ಹಾಕುತ್ತೇನೆ. ಎರಡು ವಾರ ಬರೆದಿಟ್ಟು ಆಮೇಲೆ ಒಂದು ಪುಟದ ಅರ್ಜಿ. ದೀಪಕ್ಕೆ ಬೇರೆ, ಪಾರ್ಕಿಗೆ ಬೇರೆ. ಆದರೆ ರಾಯರೇ, ತಾರಸಿ ಪೈಪಿನ ವಿಷಯ ಅರ್ಜಿಯಲ್ಲಿ ಬರೆಯಬೇಕಾ ಬೇಡವಾ? ಬರೆದರೆ ನಾಲ್ಕನೇ ಕ್ರಾಸಿನವರು ಸಹಿ ಹಾಕುತ್ತಾರೋ ಇಲ್ಲವೋ.

ನಿವೃತ್ತ ಗುಮಾಸ್ತ: ಮೊದಲು ಆ ಮನೆಯವರ ಹತ್ತಿರ ನೀವೂ ನಾನೂ ಹೋಗಿ ಮಾತಾಡೋಣ. ಶನಿವಾರ ಸಂಜೆ ಬಿಡುವಿದೆಯಾ?