ಎಸಿ ಇಲ್ಲದ ಹಾಲ್, ಮೇ ತಿಂಗಳ ಮದುವಿ, ಮೇಕಪ್ ಹೆಂಗ ನಿಲ್ಲತೈತಿ?

ಪ್ರಶ್ನೆ: ತಂಗಿ ಮದುವಿ ಮೇ ತಿಂಗಳದಾಗ ಹಾವೇರ್ಯಾಗ ಐತ್ರಿ, ಹಾಲ್‌ನ್ಯಾಗ ಎಸಿ ಇಲ್ಲ. ಬೆಳಿಗ್ಗೆ 7ಕ್ಕ ಮೇಕಪ್, ಅಕ್ಕಿಕಾಳು 12:30ಕ್ಕ. ಮೇಕಪ್ ಇಳೀದಂಗ, ಕಣ್ಣ ಕೆಳಗ ಗೆರಿ ಬೀಳದಂಗ ಏನ್ ಮಾಡ್ಬೇಕು?

ಗದಗಿನಾಕಿ: ಏರ್‌ಬ್ರಷ್ ಮಾಡಿಸ್ರಿ, ಎಷ್ಟ ಬೆವರಿದ್ರೂ ಅಳ್ಳಾಡಂಗಿಲ್ಲ. ಮೊದ್ಲ ಮುಖಕ್ಕ ಐಸ್ ತಿಕ್ರಿ, ರಂಧ್ರ ಎಲ್ಲಾ ಮುಚ್ಚಿಬಿಡ್ತಾವು.

ಹುಬ್ಬಳ್ಳಿ ಪಾರ್ಲರ್‌ದಾಕಿ: ಐಸ್‌ನಿಂದ ರಂಧ್ರ ಏನ್ ಮುಚ್ಚಂಗಿಲ್ರಿ, ಸ್ವಲ್ಪ ಹೊತ್ತು ತಂಪ ಅನ್ನಸ್ತೈತಿ, ಊತ ಇದ್ರ ಇಳೀತೈತಿ, ಅಷ್ಟ. ಏರ್‌ಬ್ರಷ್ ತೆಳ್ಳಗ ಕೂಡ್ತೈತಿ ಖರೆ, ಆದ್ರ ಹೋಮದ ಹೊಗಿಗೆ ಕಣ್ಣೀರು ಬಂದು ಒಂದ್ ಗೆರಿ ಬಿತ್ತಂದ್ರ ಅದನ್ನ ಬೆರಳಿಂದ ತಿದ್ದೂದು ಕಷ್ಟ, ತೇಪಿ ಹಚ್ಚಿದಂಗ ಕಾಣ್ತೈತಿ.

ಗೆರಿ ಬೀಳೂದು ಬರೇ ಧಗಿಗೆ ಅಲ್ರಿ, ದಪ್ಪ ಹಚ್ಚೂದಕ್ಕ. ಒಬ್ಬ ಮದಮಗಳಿಗೆ ನಾನ ಈ ತಪ್ಪು ಮಾಡೇನಿ. ಹಿಂದಿನ ದಿನ ಅರಿಷಿಣದ ಎಣ್ಣಿ ಪೂರ್ತಿ ಹೋಗಿರ್ಲಿಲ್ಲ, ಕ್ರೀಮ್ ಹಚ್ಚಿ ಎರಡ ನಿಮಿಷಕ್ಕ ಫೌಂಡೇಶನ್ ಹಾಕ್ದೆ, ಕಣ್ಣ ಕೆಳಗ ಕನ್ಸೀಲರ್ ಭಾಳ ಹಾಕಿ ಮ್ಯಾಲೆ ಪೌಡರ್ ಗುಡ್ಡಿ ಹಾಕ್ದೆ, 9ಕ್ಕ ಅಂದ್ರ ಮೂಗಿನ ಬಾಜು ಸೀಳಿತು, ಕಣ್ಣ ಕೆಳಗ ಎರಡ ಗೆರಿ.

ಆಮೇಲಿಂದ ಹಿಂಗ ಮಾಡ್ತೀನಿ. ಫೇಸ್‌ವಾಶ್‌ಲೆ ಎಣ್ಣಿ ತಗದು, ತೆಳು ಕ್ರೀಮ್ ಹಚ್ಚಿ 10 ನಿಮಿಷ ಬಿಟ್ಟು, ಉಳಿದದ್ದನ್ನ ಟಿಶ್ಯೂಲೆ ಒತ್ತಿ ತಗೀತೀನಿ. ಫೌಂಡೇಶನ್ ಎರಡ ತೆಳು ಕೋಟು, ನಡುವ ಸೆಟ್ಟಿಂಗ್ ಸ್ಪ್ರೇ ಹೊಡದು ಒಣಗಸ್ತೀನಿ. ಕನ್ಸೀಲರ್ ಕಪ್ಪು ಇದ್ದಲ್ಲಿ ಅಷ್ಟ. ಒಂದ್ ನಿಮಿಷ ಬಿಟ್ರ ಗೆರಿ ತಾನ ಕಾಣಸ್ತಾವು, ಮ್ಯಾಲೆ ನೋಡಕ್ ಹೇಳಿ ಅವನ್ನ ಬೆರಳಿಂದ ಹಗೂರಕ ಸವರಿ, ಕೂಡ್ಲೆ ಚಿಟಿಕಿ ಪೌಡರ್ ಒತ್ತಬೇಕು, ತಡ ಮಾಡಿದ್ರ ಗೆರಿ ಪೌಡರ್ ಜೋಡಿ ಅಲ್ಲೇ ಗಟ್ಟಿ ಆಗ್ತೈತಿ.

ಬೆವರು ಬಂದ್ರ ಒರಸಬ್ಯಾಡ್ರಿ, ಟಿಶ್ಯೂ ಮಡಚಿ ಒತ್ರಿ. ಬೆವರು ಆರೋಮೊದ್ಲ ಪೌಡರ್ ಹಾಕಿದ್ರ ಕಣಕ ಆಗ್ತೈತಿ. ಬಾಸಿಂಗ ಕಟ್ಟೂ ಹಣಿಗೆ ಕಡಿಮಿ ಹಚ್ರಿ, ದಾರ ತಿಕ್ಕಿ ಮೊದ್ಲ ಅಲ್ಲೇ ಎದ್ದು ಬರ್ತೈತಿ.

ಧಾರವಾಡದಾಕಿ: ನಂದು ಡಿಸೆಂಬರ್ ಮದುವಿ, ನಮ್ಮದು ಒಣ ಚರ್ಮ ರೀ, ಟಿಶ್ಯೂಲೆ ಕ್ರೀಮ್ ತಗದ್ರ ಮಧ್ಯಾಹ್ನಕ್ಕ ಬಿರಕ ಬೀಳತೈತಿ, ಏನ್ ಮಾಡ್ಲಿ?

ಹುಬ್ಬಳ್ಳಿ ಪಾರ್ಲರ್‌ದಾಕಿ: ನಿಮಗ ಒತ್ತೂದು ಬ್ಯಾಡ, ಪೌಡರ್‌ನೂ ಕಣ್ಣ ಕೆಳಗ, ಮೂಗಿನ ಬಾಜು ಅಷ್ಟ. ಆದ್ರೂ ಮೊದ್ಲ ಹಚ್ಚಿ ನೋಡ್ದ ಖಾತ್ರಿ ಹೇಳೂದಾಗಂಗಿಲ್ಲ.

ಕೇಳಿದಾಕಿ: ಅಕ್ಕಾರ, ಟ್ರಯಲ್ ಎಸಿ ಪಾರ್ಲರ್‌ನ್ಯಾಗ ಮಾಡ್ಸಿದ್ವಿ, ಚೊಲೋ ಕಂಡಿತ್ತು. ಐತವಾರ ಮತ್ತ ಹಚ್ಚಿ, ತಂಗೀನ ರೊಟ್ಟಿ ಬಡಿಯೂ ಹೊತ್ತಿಗೆ ಅಡಿಗಿಮನ್ಯಾಗ ಕೂಡ್ಸಿ ಮೂರ್ ತಾಸು ನೋಡ್ತೀವಿ, ಎಲ್ಲಿ ಮೊದ್ಲ ಸೀಳ್ತೈತಿ ಅಂತ ಫೋಟೋ ಹಾಕ್ತೀನಿ.