ಸಹಾಯ ಬೇಕು: ಕೆಮ್ಮಿದರೆ ಮೂತ್ರ ಸೋರುತ್ತೆ, ವ್ಯಾಯಾಮ ಸರಿಯಾಗಿ ಮಾಡೋದು ಹೇಗೆ?

ಅಕ್ಕಂದಿರೇ, ನಾನು ದಾವಣಗೆರೆಯವಳು, ಈಗ ಏಳನೇ ತಿಂಗಳು. ಕೆಮ್ಮಿದರೆ ಮೂತ್ರ ಸೋರುತ್ತದೆ. ಮಿರ್ಚಿ ಕರಿಯುವ ಘಾಟು ಸಾಕು, ಬಟ್ಟೆ ಒದ್ದೆ! ಡಾಕ್ಟರ್ ನೋಡಿದ್ದಾರೆ. ಸೋಂಕಿಲ್ಲ, ಗರ್ಭದ ನೀರೂ ಅಲ್ಲ. ಕೆಗೆಲ್ ವ್ಯಾಯಾಮ ಮಾಡಿ ಅಂದರು.

ಗ್ಯಾಸ್, ಮೂತ್ರ ಎರಡನ್ನೂ ತಡೆಯುವ ಹಾಗೆ ಒಳಗೆ, ಮೇಲಕ್ಕೆ ಎಳೆದು ಹಿಡಿಯಬೇಕು, ಆಮೇಲೆ ಪೂರ್ತಿ ಸಡಿಲ ಬಿಡಬೇಕು. ಮೂತ್ರ ಮಾಡುವಾಗ ಮಧ್ಯೆ ತಡೆದು ಅಭ್ಯಾಸ ಮಾಡಬಾರದಂತೆ. ಇಷ್ಟು ಗೊತ್ತು.

ಕುಳಿತು ಮಾಡಿದರೆ ಉಸಿರು ಕಟ್ಟುತ್ತದೆ, ಹಿಂಭಾಗವೂ ಬಿಗಿಯಾಗುತ್ತದೆ. ಎಡಮಗ್ಗುಲಿಗೆ ಮಲಗಿದರೆ ಉಸಿರಾಟ ಸಲೀಸು, ಆದರೆ ನಾಲ್ಕೈದು ಸೆಕೆಂಡಿಗೇ ಹಿಡಿತ ತಾನಾಗಿ ಜಾರುತ್ತದೆ. ಹತ್ತು ಸೆಕೆಂಡ್ ಹಿಡಿಯಲು ಹೋದರೆ ಕೆಳಕ್ಕೆ ಮುಕ್ಕರಿದಂತೆ ಅನಿಸುತ್ತದೆ. ಅದು ಉಲ್ಟಾ ಅಲ್ವಾ?

ಮೇಲಕ್ಕೆ ಎಳೆಯುತ್ತಿದ್ದೇನೋ, ಕೆಳಕ್ಕೆ ತಳ್ಳುತ್ತಿದ್ದೇನೋ ಅಂತ ಹೇಗೆ ಗುರುತಿಸೋದು? ಸದ್ಯಕ್ಕೆ ಮಲಗಿಕೊಂಡು ನಾಲ್ಕೇ ಸೆಕೆಂಡ್ ಮಾಡಿದರೆ ಸಾಕಾ?